1-0 ಮನೆಯಿಂದ ಹೊರಟ ಪಂದ್ಯಗಳು

ಎಪ್ಪತ್ತೈದನೇ ನಿಮಿಷ, ಎರಡೂ ಕಡೆ ಗೋಲಿಲ್ಲ. ಹೊರಗಿನಿಂದ ಬಂದ ತಂಡ ಒಂದು ಪಾಯಿಂಟ್ ಸಿಕ್ಕರೂ ಸಾಕೆಂದು ತನ್ನ ಗೋಲಿನ ಮುಂದೆ ಸಾಲುಗಟ್ಟುತ್ತದೆ. ಆತಿಥೇಯರಿಗೂ ಅಳುಕು: ಈಗ ಗೋಲು ಬಿಟ್ಟುಕೊಟ್ಟರೆ ಸರಿದೂಗಿಸಲು ಹೊತ್ತಿಲ್ಲ. ಅದೇ ನಿಮಿಷದಲ್ಲಿ ಸ್ಕೋರು 1-0 ಇದ್ದಿದ್ದರೆ ಆಟದ ಬಣ್ಣವೇ ಬೇರೆ. ಹಿಂದಿರುವ ತಂಡ ಡಿಫೆಂಡರನ್ನು ಹೊರಗೆ ಕರೆದು ಸ್ಟ್ರೈಕರನ್ನು ಇಳಿಸುತ್ತದೆ, ಮುಂದಿರುವ ತಂಡ ಇದ್ದುದನ್ನು ಕಾಯಲು ಹಿಂದೆ ಸರಿಯುತ್ತದೆ.

ಮೈದಾನದಲ್ಲಿ ಕೂತ ಯಾರಿಗೂ ಹೇಳಿಕೊಡಬೇಕಾಗಿಲ್ಲದ ಈ ಸಂಗತಿ, ಫುಟ್‌ಬಾಲ್ ಸ್ಕೋರುಗಳನ್ನು ಅಂದಾಜಿಸಲು ಹೆಚ್ಚಾಗಿ ಬಳಸುವ ಪಾಯ್ಸನ್ ಮಾದರಿಗೆ ಗೊತ್ತಿಲ್ಲ. ಹಾಗಾಗಿಯೇ ಅದು 0-0 ಮತ್ತು 1-1 ಡ್ರಾಗಳನ್ನು ನಿಜಕ್ಕಿಂತ ಕಡಿಮೆ ಎಣಿಸುತ್ತದೆ.

ಮಾದರಿಯ ಮೂಲ ಸರಳ. 1982ರಲ್ಲಿ ಮೈಕ್ ಮೇಹರ್ ಪ್ರತಿ ತಂಡಕ್ಕೂ ಒಂದು ದಾಳಿಬಲ, ಒಂದು ರಕ್ಷಣಾಬಲ ಇಟ್ಟು, ತವರು ಮೈದಾನದ ಅನುಕೂಲವನ್ನೂ ಲೆಕ್ಕಕ್ಕೆ ತಂದರು. ಇವನ್ನು ಗುಣಿಸಿದರೆ ಒಂದು ಪಂದ್ಯದಲ್ಲಿ ಆ ತಂಡ ಸರಾಸರಿ ಎಷ್ಟು ಗೋಲು ಹೊಡೆಯಬಹುದೆಂಬುದು ಸಿಗುತ್ತದೆ. ಸರಾಸರಿ ಗೊತ್ತಾದ ಮೇಲೆ ಸೊನ್ನೆ, ಒಂದು, ಎರಡು ಗೋಲುಗಳ ಸಾಧ್ಯತೆಯನ್ನು ಪಾಯ್ಸನ್ ಸೂತ್ರ ಕೊಡುತ್ತದೆ. ಕೊನೆಗೆ ಎರಡು ತಂಡಗಳ ಸಾಧ್ಯತೆಗಳನ್ನು ಗುಣಿಸಿ ಸ್ಕೋರುಗಳ ಕೋಷ್ಟಕ ತುಂಬುತ್ತಾರೆ. ತೊಡಕಿರುವುದು ಈ ಕೊನೆಯ ಗುಣಾಕಾರದಲ್ಲಿ. ಒಂದು ತಂಡದ ಗೋಲಿಗೂ ಇನ್ನೊಂದರ ಗೋಲಿಗೂ ಸಂಬಂಧವಿಲ್ಲ ಎಂದು ಒಪ್ಪಿಕೊಂಡರೆ ಮಾತ್ರ ಹಾಗೆ ಗುಣಿಸಬಹುದು.

ಒಂದು ಪಂದ್ಯವನ್ನೇ ಹಿಡಿದು ನೋಡೋಣ. ಆತಿಥೇಯರ ಸರಾಸರಿ 1.5 ಗೋಲು, ಅತಿಥಿಗಳದು 1.1 ಎಂದಿರಲಿ. ಗುಣಿಸಿದರೆ 0-0 ಸಾಧ್ಯತೆ ಶೇ 7.4, 1-1 ಶೇ 12.3, 1-0 ಶೇ 11.1, 0-1 ಶೇ 8.2. ಈ ನಾಲ್ಕು ಮನೆಗಳಲ್ಲೇ ಶೇ 39ರಷ್ಟು ಪಂದ್ಯಗಳು ಮುಗಿಯಬೇಕು. ಎಲ್ಲ ಡ್ರಾಗಳನ್ನೂ ಕೂಡಿದರೆ ಶೇ 25.8.

ಇಂಗ್ಲೆಂಡಿನ ಮಾರ್ಕ್ ಡಿಕ್ಸನ್ ಮತ್ತು ಸ್ಟುವರ್ಟ್ ಕೋಲ್ಸ್ 1997ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಗುಣಾಕಾರವನ್ನು ಇಂಗ್ಲಿಷ್ ಫುಟ್‌ಬಾಲ್‌ನ ನಿಜವಾದ ಸ್ಕೋರುಗಳ ಪಕ್ಕದಲ್ಲಿಟ್ಟು ನೋಡಿದರು. ಹೆಚ್ಚಿನ ಸ್ಕೋರುಗಳಲ್ಲಿ ಅದು ಬಹುಮಟ್ಟಿಗೆ ಹೊಂದಿತು. ಹೊಂದದೆ ಉಳಿದದ್ದು ಎಡ ಮೂಲೆಯ ಈ ನಾಲ್ಕು ಮನೆಗಳು. ಅವರು ಕೊಟ್ಟ ತಿದ್ದುಪಡಿ ಆ ನಾಲ್ಕನ್ನಷ್ಟೇ ಮುಟ್ಟುತ್ತದೆ. ಪ್ರತಿ ಮನೆಯ ಸಾಧ್ಯತೆಯನ್ನೂ ಕೆಳಗಿನ ಸಂಖ್ಯೆಯಿಂದ ಗುಣಿಸಬೇಕು:

```
0-0 : 1 - λμρ
0-1 : 1 + λρ
1-0 : 1 + μρ
1-1 : 1 - ρ
```

ಇಲ್ಲಿ ಲ್ಯಾಮ್ಡಾ ಆತಿಥೇಯರ ಸರಾಸರಿ, ಮ್ಯೂ ಅತಿಥಿಗಳದು. ರೋ ಎಂಬುದು ಹಳೆಯ ಪಂದ್ಯಗಳಿಂದ ಅಂದಾಜಿಸುವ ಒಂದು ಚಿಕ್ಕ ಸಂಖ್ಯೆ. ಅದು ಋಣಾತ್ಮಕವಾದಾಗ ಡ್ರಾಗಳು ಹೆಚ್ಚುತ್ತವೆ.

ನಮ್ಮ ಪಂದ್ಯಕ್ಕೆ ರೋ -0.1 ಎಂದಿಟ್ಟು ಗುಣಿಸಿದರೆ 0-0 ಶೇ 8.7ಕ್ಕೆ ಏರುತ್ತದೆ, 1-1 ಶೇ 13.5ಕ್ಕೆ. 1-0 ಶೇ 9.9ಕ್ಕೂ 0-1 ಶೇ 6.9ಕ್ಕೂ ಇಳಿಯುತ್ತವೆ. ನಾಲ್ಕೂ ಮನೆಗಳಲ್ಲಿ ಬದಲಾದ ಮೊತ್ತ ಒಂದೇ, ಸುಮಾರು ಶೇ 1.2. ಎರಡು ಮನೆಗಳಿಂದ ತೆಗೆದು ಉಳಿದೆರಡಕ್ಕೆ ಅಷ್ಟನ್ನೇ ಹಾಕಿದ್ದಾರೆ, ಅಷ್ಟೆ. ಆದ್ದರಿಂದ ಯಾವ ತಂಡ ಎಷ್ಟು ಗೋಲು ಹೊಡೆಯುತ್ತದೆಂಬ ಲೆಕ್ಕ ಕೂದಲೆಳೆಯಷ್ಟೂ ಕದಲುವುದಿಲ್ಲ. ಆತಿಥೇಯರು ಸೊನ್ನೆಗೆ ನಿಲ್ಲುವ ಸಾಧ್ಯತೆ ಮೊದಲಿನಷ್ಟೇ. ಅವರು ಸೊನ್ನೆಗೆ ನಿಂತ ದಿನ ಎದುರಾಳಿಯೂ ಸೊನ್ನೆಗೆ ನಿಲ್ಲುವುದು ಮಾತ್ರ ಹೆಚ್ಚಾಯಿತು. ಇಷ್ಟು ಹಗುರವಾದ ಕೈಯಿಂದ ಮಾಡಿದ ತಿದ್ದುಪಡಿ ನನಗೆ ಬಹಳ ಇಷ್ಟ. ಡ್ರಾಗಳ ಒಟ್ಟು ಪಾಲು ಈಗ ಶೇ 28.2. ಇಂಥವೇ 380 ಪಂದ್ಯಗಳ ಒಂದು ಋತುವಿನಲ್ಲಿ ಒಂಬತ್ತು ಡ್ರಾ ಹೆಚ್ಚಾದಂತೆ.

ಪಂದ್ಯಗಳು 1-0 ಮನೆಯಿಂದಲೇ ಏಕೆ ಹೊರಡುತ್ತವೆ? ಕೊನೆಯ ಹೊತ್ತಿನಲ್ಲಿ ಗೋಲುಗಳು ಹೆಚ್ಚು ಬೀಳುವುದರಿಂದ ಎಂದು ಕೆಲವರು ಹೇಳುವುದುಂಟು. ಹೆಚ್ಚು ಬೀಳುವುದು ನಿಜ, ಆದರೆ ಅದು ಇದಕ್ಕೆ ಕಾರಣವಲ್ಲ. ಗೋಲಿನ ವೇಗ ಬರೀ ಗಡಿಯಾರವನ್ನು ನೋಡಿ ಏರಿದರೆ ಒಟ್ಟು ಗೋಲುಗಳು ಆಗಲೂ ಪಾಯ್ಸನ್ ಆಗಿಯೇ ಇರುತ್ತವೆ, ಎರಡು ತಂಡಗಳ ನಡುವೆ ನಂಟು ಹುಟ್ಟುವುದಿಲ್ಲ. ವೇಗ ಸ್ಕೋರ್‌ಬೋರ್ಡನ್ನು ನೋಡಿ ಬದಲಾದಾಗ ಮಾತ್ರ ನಂಟು ಹುಟ್ಟುತ್ತದೆ. ಡಿಕ್ಸನ್ ಮತ್ತು ರಾಬಿನ್ಸನ್ 1998ರಲ್ಲಿ ಪಂದ್ಯವನ್ನು ನಿಮಿಷ ನಿಮಿಷವಾಗಿ ಹಿಂಬಾಲಿಸುವ ಮಾದರಿ ಕಟ್ಟಿ, ಗೋಲಿನ ವೇಗ ಸಮಯದ ಜೊತೆಗೆ ಆ ಕ್ಷಣದ ಸ್ಕೋರಿನ ಮೇಲೂ ನಿಂತಿದೆ ಎಂದು ತೋರಿಸಿದರು. 1-0 ಮನೆಗೆ ಇದರಿಂದ ಎರಡು ಕಡೆಯೂ ನಷ್ಟ. 0-0 ಇರುವಾಗ ಇಬ್ಬರೂ ಎಚ್ಚರದಿಂದ ಆಡುವುದರಿಂದ ಒಳಗೆ ಬರಬೇಕಾದ ಪಂದ್ಯಗಳು ಬಾಗಿಲಲ್ಲೇ ನಿಲ್ಲುತ್ತವೆ. ಒಳಗೆ ಬಂದವುಗಳಲ್ಲಿ ಕೆಲವನ್ನು ಹಿಂದಿರುವ ತಂಡ 1-1ಕ್ಕೆ ಎಳೆದೊಯ್ಯುತ್ತದೆ. ಸ್ಕೋರು 3-1 ಆದ ಮೇಲೆ ಈ ಸೆಳೆತ ಇಷ್ಟು ಬಿಗಿಯಾಗಿ ಉಳಿಯುವುದಿಲ್ಲ.

ಈ ಲೆಕ್ಕವನ್ನು ಸ್ವತಃ ಬರೆದು ನೋಡುವವರು ಎಡವುವ ಒಂದು ಜಾಗವಿದೆ. 0-1 ಎಂದರೆ ಅತಿಥಿಗಳ ಗೋಲು, ಹಾಗಾಗಿ ಅಲ್ಲಿ ಅತಿಥಿಗಳ ಸರಾಸರಿಯೇ ಬರಬೇಕು ಎಂದು ಕೈ ತಾನಾಗಿ ಮ್ಯೂ ಬರೆಯುತ್ತದೆ. ಸೂತ್ರ ಕೇಳುವುದು ಲ್ಯಾಮ್ಡಾ. ಆ ಮನೆಯ ಪಾಯ್ಸನ್ ಸಾಧ್ಯತೆಯಲ್ಲಿ ಮ್ಯೂ ಆಗಲೇ ಒಂದು ಸಲ ಕೂತಿದೆ. ನಾಲ್ಕೂ ಮನೆಗಳ ಬದಲಾವಣೆ ಸಮವಾಗಬೇಕಾದರೆ ಜೊತೆಗೆ ಬೇಕಾದದ್ದು ಇನ್ನೊಂದು ತಂಡದ ಸರಾಸರಿ. ಎರಡನ್ನು ಅದಲುಬದಲು ಮಾಡಿದರೆ ಇಡೀ ಕೋಷ್ಟಕದ ಮೊತ್ತ ಶೇ 100 ಆಗುವುದಿಲ್ಲ. ಆದರೆ ಈ ತಪ್ಪಿನ ಗಾತ್ರ ಎರಡು ಸರಾಸರಿಗಳ ವ್ಯತ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಸಮಬಲದ ತಂಡಗಳನ್ನಿಟ್ಟು ಪರೀಕ್ಷಿಸಿದರೆ ಕಣ್ಣಿಗೇ ಬೀಳುವುದಿಲ್ಲ. 2.5 ಮತ್ತು 0.6ರಂಥ ಅಸಮ ಜೋಡಿ ಕೊಟ್ಟು ನೋಡಿ, ಮೊತ್ತ ಶೇ 98.4ಕ್ಕೆ ಕುಸಿದು ತಪ್ಪು ಹೊರಬೀಳುತ್ತದೆ.

ರೋ ಬೆಲೆಯನ್ನು ಎಷ್ಟು ನಂಬಬಹುದು ಎಂಬುದು ಇದಕ್ಕಿಂತ ಗಂಭೀರವಾದ ಪ್ರಶ್ನೆ. ರೋ ಬಗ್ಗೆ ನೇರವಾಗಿ ಸಾಕ್ಷಿ ಹೇಳುವುದು ಆ ನಾಲ್ಕು ಮನೆಗಳಲ್ಲಿ ಮುಗಿದ ಪಂದ್ಯಗಳು ಮಾತ್ರ. 380ರಲ್ಲಿ ನಮ್ಮ ಉದಾಹರಣೆಯ ಪ್ರಕಾರ ಸುಮಾರು 148. ಎಲ್ಲ ಪಂದ್ಯಗಳೂ ಇದೇ ಸರಾಸರಿಯವು ಎಂದಿಟ್ಟು ಲೆಕ್ಕ ಹಾಕಿದರೆ, ಒಂದು ಋತುವಿನಿಂದ ಅಂದಾಜಿಸಿದ ರೋದ ಪ್ರಮಾಣ ದೋಷ 0.06ರ ಆಸುಪಾಸು. ನಿಜವಾದ ಬೆಲೆ -0.1 ಇದ್ದರೂ ಯಾವುದೋ ಒಂದು ವರ್ಷ ಅದು ಸೊನ್ನೆಯಾಗಿ ಕಾಣಬಹುದು, ಇನ್ನೊಂದು ವರ್ಷ -0.2 ಆಗಿಯೂ ಕಾಣಬಹುದು. ಆ ಏರಿಳಿತವನ್ನು ಆಟದ ಶೈಲಿ ಬದಲಾಯಿತೆಂದು ಓದುವುದು ತಪ್ಪು. ದೋಷ ಅರ್ಧಕ್ಕೆ ಇಳಿಯಲು ನಾಲ್ಕು ಋತುಗಳ ಪಂದ್ಯಗಳು ಬೇಕು. ಅಷ್ಟರಲ್ಲಿ ತಂಡಗಳಲ್ಲಿ ಆಟಗಾರರು ಬದಲಾಗಿ, ದಾಳಿಬಲ ರಕ್ಷಣಾಬಲಗಳೇ ಹಳತಾಗಿರುತ್ತವೆ. ಅದಕ್ಕೇ ಡಿಕ್ಸನ್ ಮತ್ತು ಕೋಲ್ಸ್ ಹಳೆಯ ಪಂದ್ಯಗಳ ತೂಕವನ್ನು ಮೆಲ್ಲಮೆಲ್ಲನೆ ಇಳಿಸುವ ಉಪಾಯವನ್ನೂ ಅದೇ ಲೇಖನದಲ್ಲಿ ಸೇರಿಸಿದರು. ತೂಕ ಬೇಗ ಇಳಿಸಿದರೆ ತಂಡಗಳ ಬಲ ಹೊಸದಾಗಿರುತ್ತದೆ, ರೋ ಮಾತ್ರ ಅಲುಗಾಡುತ್ತದೆ. ಹಾಗಾಗಿ ತಂಡಗಳ ಬಲವನ್ನು ಇತ್ತೀಚಿನ ಪಂದ್ಯಗಳಿಂದಲೂ, ರೋವನ್ನು ಅದೇ ಲೀಗಿನ ಹಲವು ಋತುಗಳಿಂದಲೂ ಬೇರೆ ಬೇರೆಯಾಗಿ ಅಂದಾಜಿಸುವುದು ಒಳ್ಳೆಯದೆಂದು ನನಗನ್ನಿಸುತ್ತದೆ.