ಆ ಕಡೆಯ ಪರದೆಯಲ್ಲಿ ಏನು ಕಾಣುತ್ತದೆ?

ಪ್ರೌಢಶಾಲೆಯೊಂದರ ತಂತ್ರಜ್ಞಾನ ಸಂಘದಲ್ಲಿ ಭಾಷಣಕ್ಕೆ ನಿಂತ ಕಂಪ್ಯೂಟರ್ ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಗೋಡೆಯ ಮೇಲೆ ಒಂದು ಪದ ಮೂಡಿಸಿದರು.

```
PÀ£ÀßqÀ
```

ಮಕ್ಕಳಿಗೆ ನಗು. ಅದು ‘ಕನ್ನಡ’ ಎಂದಾಗ ಇನ್ನೂ ಜೋರು ನಗು. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪದ, ಆ ಫಾಂಟ್ ಇಲ್ಲದ ಫೋನಿಗೆ ಹೋದರೆ ಕಾಣುವುದು ಹೀಗೆಯೇ.

ಕಂಪ್ಯೂಟರು ಕಳಿಸುವುದು ಅಂಕಿಗಳನ್ನು. ಅಕ್ಷರದ ಚಿತ್ರ ಬಿಡಿಸುವುದು ಓದುವವರ ಕಡೆಯ ಫಾಂಟು. ಹಳೆಯ ಪದ್ಧತಿಯಲ್ಲಿದ್ದದ್ದು 256 ಮನೆಗಳು ಮಾತ್ರ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. 80 ಎಂದರೆ ಇಂಗ್ಲಿಷಿನ P; ನುಡಿ ಫಾಂಟಿಗೆ ಅದು ‘ಕ’ದ ತುಂಡು. ಯೂನಿಕೋಡಿನಲ್ಲಿ ಈ ಜಗಳವಿಲ್ಲ: ‘ಕ’ದ ಸಂಖ್ಯೆ 3221, ಅದು ಬೇರಾವ ಅಕ್ಷರದ್ದೂ ಅಲ್ಲ. ಹಳೆಯ ಪದ್ಧತಿಯನ್ನು ಹೀಗಳೆಯಬೇಕಿಲ್ಲ; ಯೂನಿಕೋಡಿನ ಕನ್ನಡವನ್ನು ಜೋಡಿಸಲಾರದ ಡಿಟಿಪಿ ತಂತ್ರಾಂಶಗಳ ಕಾಲದಲ್ಲಿ ಪುಸ್ತಕ, ಲಗ್ನಪತ್ರಿಕೆ ಎಲ್ಲವೂ ಅದರಿಂದಲೇ ಹೊರಬಂದವು.

ತಾನು ಟೈಪ್ ಮಾಡಿದ್ದು ಯಾವುದೆಂದು ತಿಳಿಯುವುದು ಸುಲಭ. ಬರಹವನ್ನು ಆಯ್ದು ಫಾಂಟನ್ನು ಏರಿಯಲ್‌ಗೆ ಬದಲಿಸಬೇಕು. ಕನ್ನಡ ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಗೋಡೆಯ ಮೇಲಿನಂತಾದರೆ ಹಳೆಯದು. ಹಳೆಯದನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಬಹುದು, ಆದರೆ ಪರಿವರ್ತಕಕ್ಕೆ ನಡುವೆ ಬಂದ ಇಂಗ್ಲಿಷ್ ಗುರುತು ಸಿಗದೆ ಇಮೇಲ್ ವಿಳಾಸವೂ ಅರ್ಥವಿಲ್ಲದ ಕನ್ನಡವಾಗುವುದುಂಟು. ಆಮೇಲೆ ಒಮ್ಮೆ ಓದಲೇಬೇಕು.

“ಪಿಡಿಎಫ್ ಮಾಡಿ ಕಳಿಸಿದ್ರೆ ಸಾಕಲ್ವಾ ಸರ್?” ಎಂದಳು ಒಬ್ಬಳು ಹುಡುಗಿ. ಒಳ್ಳೆಯ ಪ್ರಶ್ನೆ. ಪಿಡಿಎಫ್ ತನ್ನೊಳಗೆ ಫಾಂಟನ್ನೂ ಹೊತ್ತೊಯ್ಯಬಲ್ಲದು, ಹಾಗಾಗಿ ನೋಡಲು ಸರಿಯಾಗೇ ಇರುತ್ತದೆ. ಆದರೆ ಅದರಲ್ಲಿ ‘ಕನ್ನಡ’ ಎಂದು ಹುಡುಕಿದರೆ ಸಿಗುವುದಿಲ್ಲ. ಒಳಗಿರುವುದು ಅದೇ ಹಳೆಯ ಅಂಕಿಗಳು. ದೃಷ್ಟಿಯಿಲ್ಲದವರಿಗೆ ಪರದೆ ಓದಿ ಹೇಳುವ ತಂತ್ರಾಂಶಕ್ಕೂ ಅಲ್ಲಿ ಕನ್ನಡ ಕಾಣುವುದಿಲ್ಲ.

ಯೂನಿಕೋಡಿಗೆ ಬಂದ ಮಾತ್ರಕ್ಕೆ ಮುಗಿಯಲಿಲ್ಲ. ಸಂಘದ ಮಕ್ಕಳೇ ಬರೆದ ವಾರ್ಷಿಕೋತ್ಸವದ ಸೂಚನೆಯನ್ನು ಮೇಷ್ಟ್ರು ಫೋನಿನಲ್ಲಿ ತೆರೆದರು. ಸ್ಪೇಸ್ ಒತ್ತಿ ಒತ್ತಿ ನೆಟ್ಟಗೆ ನಿಲ್ಲಿಸಿದ್ದ ವೇಳಾಪಟ್ಟಿ ಅಲ್ಲಿ ಚೆಲ್ಲಾಪಿಲ್ಲಿ: ಸಾಲು ಮುರಿದು, ನಾಟಕದ ಸಮಯ ಭರತನಾಟ್ಯದ ಎದುರಿಗೆ ಬಂದಿತ್ತು. ‘ಕೆಂಪಿನಲ್ಲಿರುವವರು ಬೇಗ ಬರಬೇಕು’ ಎಂಬ ಸಾಲೂ ಇತ್ತು; ವಾಟ್ಸಾಪ್ ಸಂದೇಶಕ್ಕೆ ನಕಲಿಸಿದಾಗ ಬಣ್ಣ ಹಿಂದೆಯೇ ಉಳಿದು, ಯಾರು ಬೇಗ ಬರಬೇಕೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಮಕ್ಕಳು ಅಲ್ಲೇ ಕೂತು ತಿದ್ದಿದರು. ಪ್ರತಿ ಕಾರ್ಯಕ್ರಮಕ್ಕೂ ಒಂದು ಸಾಲು, ಮೊದಲು ಸಮಯ, ಆಮೇಲೆ ಹೆಸರು. ಕೆಂಪು ಬಣ್ಣದ ಜಾಗದಲ್ಲಿ ‘ನಾಟಕದವರು 4 ಗಂಟೆಗೆ ಬರಬೇಕು’.