ಬೀಳ್ಕೊಡುಗೆಯ ಮೇಲ್‌ಗೆ ಉಳಿದವರ ಉತ್ತರ

ಕೆಲಸ ಬಿಡುವವರು ಕೊನೆಯ ದಿನ ಇಡೀ ಕಚೇರಿಗೊಂದು ಮೇಲ್ ಕಳಿಸುತ್ತಾರೆ. ಬರುವ ಉತ್ತರಗಳಲ್ಲಿ ಹೆಚ್ಚಿನವು ‘ಆಲ್ ದಿ ಬೆಸ್ಟ್’ ಎಂಬಲ್ಲಿಗೆ ಮುಗಿಯುತ್ತವೆ. ಜೊತೆಗೆ ಕೂತು ದುಡಿದವರು ಅಷ್ಟಕ್ಕೇ ನಿಲ್ಲಬಾರದು.

ಬಹಳಷ್ಟು ಕಂಪನಿಗಳಲ್ಲಿ ಆ ಸಂಜೆಗೇ ಅವರ ಮೇಲ್ ಖಾತೆ ಬಂದ್ ಆಗುತ್ತದೆ. ನಾಳೆ ಬರೆದ ಉತ್ತರವನ್ನು ಅವರು ನೋಡುವುದೇ ಇಲ್ಲ. ತಡವಾದರೆ ಅವರು ಕೊಟ್ಟಿರುವ ಸ್ವಂತ ವಿಳಾಸಕ್ಕೆ ಕಳಿಸಿ. Reply All ಬೇಡ, Reply ಸಾಕು. ನೂರು ಜನ ಓದುತ್ತಾರೆಂದರೆ ಆಪ್ತ ಮಾತು ಹೊರಡುವುದಿಲ್ಲ.

ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಹೊರಟಿದ್ದಾರೆ ಎನ್ನಿ. ‘ತುಂಬಾ ಸಹಾಯ ಮಾಡಿದ್ದೀರಿ’ ಎಂದು ಯಾರಿಗೆ ಬೇಕಾದರೂ ಬರೆಯಬಹುದು. ಅವರಿಗೇ ಸಲ್ಲುವ ಒಂದು ಘಟನೆ ಹುಡುಕಿ:

‘ಮೇಡಂ, ನನ್ನ ಮೊದಲ ಮಾರ್ಚ್‌ನಲ್ಲಿ ಜಿಎಸ್‌ಟಿ ಲೆಕ್ಕ ತಾಳೆಯಾಗದೆ ಕೂತಿದ್ದೆ. ಮನೆಗೆ ಹೊರಟಿದ್ದ ನೀವು ಬ್ಯಾಗ್ ಕೆಳಗಿಟ್ಟು ಕುರ್ಚಿ ಎಳೆದುಕೊಂಡಿರಿ. ಬಿಲ್‌ಗಳನ್ನು ಒಂದೊಂದಾಗಿ ತಾಳೆ ನೋಡುವುದನ್ನು ಅವತ್ತು ಕಲಿತೆ. ಈಗ ಹೊಸಬರಿಗೆ ಅದನ್ನೇ ಹೇಳಿಕೊಡುತ್ತಿದ್ದೇನೆ. ಮೈಸೂರಿನಲ್ಲಿ ಮನೆ ಸಿಕ್ಕಿತೇ? ಮುಂದಿನ ತಿಂಗಳು ಫೋನ್ ಮಾಡುತ್ತೇನೆ.’

ಫೋನ್ ಮಾಡುವುದು ಖಾತ್ರಿಯಿದ್ದರೆ ಮಾತ್ರ ಆ ಕೊನೆಯ ವಾಕ್ಯ ಇರಲಿ.

ಉಳಿದವರು ಎಡವುವುದು ಇನ್ನೊಂದು ಕಡೆ. ‘ನೀವು ಬಚಾವಾದಿರಿ, ಇನ್ನು ನಮ್ಮ ಗತಿಯೇನು’ ಎಂಬುದು ಪ್ರೀತಿಯಿಂದಲೇ ಬರುವ ಮಾತು. ಆದರೆ ಮೊದಲೇ ಅಳುಕಿನಿಂದ ಹೊರಟವರಿಗೆ ಅದು ಚುಚ್ಚುತ್ತದೆ. ‘ನೀವಿಲ್ಲದೆ ಮಧ್ಯಾಹ್ನದ ಊಟಕ್ಕೆ ಬೇಸರ’ ಎನ್ನಿ, ಅದರಲ್ಲಿ ದೂರಿಲ್ಲ. ಬಾಕಿ ಫೈಲ್ ಎಲ್ಲಿದೆ ಎಂದು ಕೇಳಬೇಕಿದ್ದರೆ ಬೇರೆ ಮೇಲ್ ಬರೆಯಿರಿ.