ಕರಾರಿನ ಕೊನೆಯ ಪುಟದ ನಾಲ್ಕು ಸಾಲು

ಜರ್ಮನಿಯ ಎನರ್ಕಾನ್ ಕಂಪನಿ ಗಾಳಿಯಂತ್ರ ತಯಾರಿಸುತ್ತದೆ. ಇಲ್ಲಿನ ಪಾಲುದಾರರ ಜೊತೆ ಅದು ಕಟ್ಟಿದ ಎನರ್ಕಾನ್ ಇಂಡಿಯಾದ ಯಂತ್ರಗಳು ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೂ ತಿರುಗಿವೆ. ಇವರಿಬ್ಬರ ನಡುವೆ 2006ರ ಸೆಪ್ಟೆಂಬರ್‌ನಲ್ಲಿ ತಂತ್ರಜ್ಞಾನ ಪರವಾನಗಿಯ ಕರಾರೊಂದು ಆಯಿತು. ಜಗಳ ಬಂದರೆ ಏನು ಮಾಡಬೇಕೆಂಬುದನ್ನು ಅದರಲ್ಲಿ ಸ್ಪಷ್ಟವಾಗಿಯೇ ಬರೆದಂತಿತ್ತು. ಕರಾರಿಗೆ ಭಾರತದ ಕಾನೂನು ಅನ್ವಯ. ವಿವಾದ ಕೋರ್ಟಿಗಲ್ಲ, ಆರ್ಬಿಟ್ರೇಷನ್‌ಗೆ. ಆರ್ಬಿಟ್ರೇಟರ್‌ಗಳು ಮೂವರು. ಕಲಾಪ ಇಂಗ್ಲಿಷಿನಲ್ಲಿ. ವೆನ್ಯೂ ಲಂಡನ್. ಭಾರತದ 1996ರ ಆರ್ಬಿಟ್ರೇಷನ್ ಕಾಯ್ದೆ ಅನ್ವಯಿಸುತ್ತದೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಜಗಳ ಬಂದೇಬಿಟ್ಟಿತು. ಆರ್ಬಿಟ್ರೇಷನ್ ಎಲ್ಲಿಯದು, ಯಾವ ದೇಶದ ಕೋರ್ಟಿಗೆ ಅದರ ಮೇಲೆ ಅಧಿಕಾರ, ಮೂರನೆಯ ಆರ್ಬಿಟ್ರೇಟರನ್ನು ಆರಿಸುವವರು ಯಾರು ಎಂಬುದು ಇತ್ಯರ್ಥವಾಗಲು 2014ರ ಫೆಬ್ರುವರಿವರೆಗೆ ಕಾಯಬೇಕಾಯಿತು. ದಮನ್‌ನ ಕೋರ್ಟು, ಬಾಂಬೆ ಹೈಕೋರ್ಟು, ಲಂಡನ್ನಿನ ಕೋರ್ಟು ಸುತ್ತಿ ಕಡತ ಸುಪ್ರೀಂ ಕೋರ್ಟಿಗೆ ಬಂತು. ಮೂಲ ಜಗಳದ ವಿಚಾರಣೆ ಅಷ್ಟೂ ಕಾಲ ಬಾಗಿಲಲ್ಲೇ ನಿಂತಿತ್ತು. ಕೋರ್ಟಿನ ವಿಳಂಬ ತಪ್ಪಿಸಲೆಂದೇ ಬರೆದ ಷರತ್ತು ಕೋರ್ಟಿನಲ್ಲೇ ಆರು ವರ್ಷ ಕಳೆಯಿತು.

ತೊಡಕು ಎಲ್ಲಿತ್ತೆಂದು ತಿಳಿಯಬೇಕಾದರೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಮೊದಲನೆಯದು ಕರಾರಿಗೆ ಅನ್ವಯವಾಗುವ ಕಾನೂನು. ಹಣ ಯಾವಾಗ ಕೊಡಬೇಕಿತ್ತು, ಮಾಲು ಕೆಟ್ಟಿದ್ದರೆ ಪರಿಹಾರ ಎಷ್ಟು, ಕರಾರು ಮುರಿದದ್ದು ಯಾರು ಎಂಬುದನ್ನೆಲ್ಲ ಆರ್ಬಿಟ್ರೇಟರ್ ಆ ಕಾನೂನಿನಂತೆ ಅಳೆಯುತ್ತಾರೆ. ಭಾರತದ ಕಾನೂನು ಎಂದು ಬರೆದಿದ್ದರೆ 1872ರ ಕರಾರು ಕಾಯ್ದೆ ಬರುತ್ತದೆ. ಎರಡನೆಯದು ಸೀಟ್. ಇದು ಆರ್ಬಿಟ್ರೇಷನ್‌ಗೆ ಕಾನೂನಿನ ದೃಷ್ಟಿಯಲ್ಲಿರುವ ಊರು. ಒಬ್ಬರು ಆರ್ಬಿಟ್ರೇಟರನ್ನು ನೇಮಿಸದೆ ಸತಾಯಿಸಿದರೆ ಯಾವ ದೇಶದ ವ್ಯವಸ್ಥೆಯ ಮೊರೆ ಹೋಗಬೇಕು, ತೀರ್ಪು ಬಂದ ಮೇಲೆ ಅದನ್ನು ರದ್ದು ಮಾಡಿ ಎಂದು ಎಲ್ಲಿ ಅರ್ಜಿ ಹಾಕಬೇಕು ಎಂಬುದು ಸೀಟಿನಿಂದ ತೀರ್ಮಾನವಾಗುತ್ತದೆ.

ಬೆಂಗಳೂರಿನ ರಫ್ತುದಾರರೊಬ್ಬರು ಕಾನೂನು ಭಾರತದ್ದು, ಸೀಟ್ ಸಿಂಗಪುರ ಎಂದು ಒಪ್ಪಿಕೊಂಡರು ಎನ್ನಿ. ಬಾಕಿ ಹಣದ ಲೆಕ್ಕ ನಮ್ಮ ಕಾಯ್ದೆಯಂತೆಯೇ ನಡೆಯುತ್ತದೆ. ಆದರೆ ತೀರ್ಪು ತಪ್ಪೆನಿಸಿದರೆ ಅದನ್ನು ರದ್ದುಪಡಿಸಲು ಬೆಂಗಳೂರಿನಲ್ಲಿ ಅರ್ಜಿ ಹಾಕುವಂತಿಲ್ಲ, ಸಿಂಗಪುರದ ಕೋರ್ಟಿಗೇ ಹೋಗಬೇಕು. ‘ಭಾರತದ ಕಾನೂನು ಅಂತ ಬರೆದಿದೆಯಲ್ಲ, ನಮ್ಮ ಕೋರ್ಟೇ ನೋಡಿಕೊಳ್ಳುತ್ತದೆ’ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಕಾನೂನಿನ ಸಾಲನ್ನು ಒಬ್ಬರು, ಆರ್ಬಿಟ್ರೇಷನ್ ಸಾಲನ್ನು ಇನ್ನೊಬ್ಬರು ಹಳೆಯ ಕರಾರುಗಳಿಂದ ಎತ್ತಿ ಅಂಟಿಸಿದಾಗ ಇಂಥ ಜೋಡಿಗಳು ಯಾರ ಗಮನಕ್ಕೂ ಬಾರದೆ ಹುಟ್ಟುತ್ತವೆ. ಇಬ್ಬರೂ ಭಾರತೀಯರಾಗಿದ್ದು ಸೀಟೂ ಭಾರತದಲ್ಲೇ ಇದ್ದರೆ ಆಯ್ಕೆಯ ಪ್ರಶ್ನೆಯೇ ಇಲ್ಲ, ಭಾರತದ ಕಾನೂನೇ ಅನ್ವಯವಾಗಬೇಕು.

ಎನರ್ಕಾನ್ ಕರಾರಿನಲ್ಲಿ ಸೀಟ್ ಎಂಬ ಮಾತೇ ಇರಲಿಲ್ಲ, ಲಂಡನ್ ವೆನ್ಯೂ ಎಂದಷ್ಟೇ ಇತ್ತು. ಲಂಡನ್ ಅಂದಮೇಲೆ ಇಂಗ್ಲೆಂಡಿನ ಕೋರ್ಟಿಗೆ ಅಧಿಕಾರ ಎಂದು ಜರ್ಮನ್ ಕಂಪನಿ ವಾದಿಸಿತು. ಸುಪ್ರೀಂ ಕೋರ್ಟು ಉಳಿದ ಸಾಲುಗಳನ್ನೂ ಜೊತೆಗಿಟ್ಟು ಓದಿತು. ಕರಾರಿನ ಕಾನೂನು ಭಾರತದ್ದು, ಆರ್ಬಿಟ್ರೇಷನ್ ನಡೆಸುವ ಕಾಯ್ದೆಯೂ ಭಾರತದ್ದು. ಹಾಗಿರುವಾಗ ಲಂಡನ್ ಎಂಬುದು ಅನುಕೂಲಕ್ಕೆ ಕೂರುವ ಜಾಗ ಮಾತ್ರ, ಸೀಟ್ ಭಾರತವೇ ಎಂದು ಹೇಳಿತು. ಇಂಗ್ಲೆಂಡಿನ ಕೋರ್ಟಿಗೂ ಜೊತೆಜೊತೆಯಾಗಿ ಅಧಿಕಾರವಿದೆ ಎಂಬ ವಾದವನ್ನು ತಳ್ಳಿಹಾಕಿತು. ಒಂದೇ ಜಗಳಕ್ಕೆ ಎರಡು ದೇಶದ ಕೋರ್ಟುಗಳು ಕೈಹಾಕಿದರೆ ಪರಸ್ಪರ ವಿರುದ್ಧ ಆದೇಶಗಳು ಬರುವ ಅಪಾಯವಿದೆ.

ಹಾಗೆಂದು ವೆನ್ಯೂ ಎಂದು ಬರೆದರೆ ಅದು ಸೀಟ್ ಆಗುವುದೇ ಇಲ್ಲ ಎಂದುಕೊಳ್ಳುವಂತಿಲ್ಲ. 2019ರಲ್ಲಿ ಎನ್‌ಎಚ್‌ಪಿಸಿ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ಕರಾರಿನಲ್ಲಿ ವ್ಯತಿರಿಕ್ತ ಸೂಚನೆ ಇಲ್ಲದಿದ್ದರೆ ಕಲಾಪದ ಜಾಗವೆಂದು ಹೆಸರಿಸಿದ ಊರೇ ಸೀಟ್ ಎಂದಿತು. ಯಾವ ಪದಕ್ಕೆ ಯಾವ ಅರ್ಥ ಎಂದು ಕೋರ್ಟು ಹುಡುಕುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಆದ್ದರಿಂದ ನನ್ನ ಮಟ್ಟಿಗೆ ಇಡೀ ಷರತ್ತಿನಲ್ಲಿ ಮೊದಲು ನಿರ್ಧರಿಸಬೇಕಾದದ್ದು ಸೀಟ್, ಅದನ್ನು ಸೀಟ್ ಎಂದೇ ಬರೆಯಬೇಕು. ಸಭೆ ಬೇರೆ ಊರಿನಲ್ಲಿ ಸೇರಲು ಅದು ಅಡ್ಡಿಯಲ್ಲ. ಸೀಟ್ ಬೆಂಗಳೂರು ಇದ್ದು ಸಾಕ್ಷಿಗಳ ವಿಚಾರಣೆ ಹುಬ್ಬಳ್ಳಿಯಲ್ಲಿ ನಡೆಸಬಹುದು. ಸೀಟ್ ಬೆಂಗಳೂರು ಎಂದು ಬರೆದು, ಮೇಲಿನ ಪುಟದಲ್ಲಿ ‘ಎಲ್ಲ ವಿವಾದಗಳೂ ಮುಂಬೈ ಕೋರ್ಟಿನ ವ್ಯಾಪ್ತಿಗೆ ಮಾತ್ರ’ ಎಂಬ ಹಳೆಯ ಸಾಲನ್ನು ಹಾಗೇ ಉಳಿಸಿದರೆ ಮಾತ್ರ ಜಗಳಕ್ಕೆ ಹೊಸದೊಂದು ಕಾರಣ ಸಿಕ್ಕಂತೆ.

ಎರಡು ಕಾನೂನುಗಳ ನಡುವೆ ಮೂರನೆಯದೂ ಒಂದಿದೆ. ಆರ್ಬಿಟ್ರೇಷನ್ ಷರತ್ತನ್ನು ಕಾನೂನು ಪ್ರತ್ಯೇಕ ಒಪ್ಪಂದವೆಂದೇ ನೋಡುತ್ತದೆ. ಎನರ್ಕಾನ್ ಪ್ರಕರಣದಲ್ಲಿ ಮೂಲ ಕರಾರೇ ಪೂರ್ತಿಯಾಗಿಲ್ಲ ಎಂದು ಭಾರತೀಯ ಪಕ್ಷ ವಾದಿಸಿದರೂ ಆರ್ಬಿಟ್ರೇಷನ್ ಷರತ್ತು ಉಳಿದದ್ದು ಈ ಕಾರಣಕ್ಕೆ. ಆ ಷರತ್ತಿನ ಸಿಂಧುತ್ವವನ್ನು ಯಾವ ದೇಶದ ಕಾನೂನಿನಿಂದ ಅಳೆಯಬೇಕು? ಹೊರದೇಶದ ಸೀಟ್ ಇದ್ದಾಗ ಈ ಪ್ರಶ್ನೆ ಏಳುತ್ತದೆ. ಇಂಗ್ಲೆಂಡಿನ 2025ರ ಕಾಯ್ದೆಯ ಪ್ರಕಾರ, ಷರತ್ತಿಗೇ ಎಂದು ಬೇರೆ ಕಾನೂನನ್ನು ಸ್ಪಷ್ಟವಾಗಿ ಹೇಳದಿದ್ದರೆ ಸೀಟಿನ ಕಾನೂನೇ ಅನ್ವಯ. ಕರಾರಿಗೆ ಭಾರತದ ಕಾನೂನು ಎಂದು ಬರೆದಿರುವುದು ಅದಕ್ಕೆ ಸಾಲದು. ಹೊರದೇಶದ ಕರಾರಿನಲ್ಲಿ ಈ ಒಂದು ಸಾಲನ್ನು ಸೇರಿಸುವುದು ಕ್ಷೇಮ.

ಇನ್ನು ಸಂಖ್ಯೆ. ಎನರ್ಕಾನ್ ಷರತ್ತಿನಲ್ಲಿ ಮೂವರು ಎಂದಿತ್ತು, ಒಬ್ಬೊಬ್ಬರು ಒಬ್ಬೊಬ್ಬರನ್ನು ನೇಮಿಸಬೇಕು ಎಂದಿತ್ತು, ಜರ್ಮನ್ ಕಂಪನಿ ನೇಮಿಸಿದವರೇ ಅಧ್ಯಕ್ಷರು ಎಂದೂ ಇತ್ತು. ಕೂಡಿ ನೋಡಿದರೆ ಇಬ್ಬರೇ. ಮೂರನೆಯವರನ್ನು ತರುವ ಸಾಲೇ ಇರಲಿಲ್ಲ. ನೇಮಕವಾದ ಇಬ್ಬರೂ ಷರತ್ತಿನಂತೆ ನಡೆಯಲು ಸಾಧ್ಯವಿಲ್ಲ ಎಂದು ಕೈಚೆಲ್ಲಿದರು. ‘ಆ ಇಬ್ಬರು ಸೇರಿ ಮೂರನೆಯವರನ್ನು ಆರಿಸಬೇಕು’ ಎಂಬ ಸಾಲು ಬರೆಯುವಾಗ ಬಿಟ್ಟುಹೋಗಿದೆ ಎಂದು ಅರ್ಥೈಸಿ ಸುಪ್ರೀಂ ಕೋರ್ಟು ಷರತ್ತನ್ನು ಉಳಿಸಿತು.

ನಮ್ಮ ಕಾಯ್ದೆಯ 10ನೇ ಕಲಮಿನಂತೆ ಎಷ್ಟು ಮಂದಿ ಬೇಕೆಂದು ಪಕ್ಷಗಾರರೇ ತೀರ್ಮಾನಿಸಬಹುದು, ಸಮಸಂಖ್ಯೆ ಮಾತ್ರ ಆಗಬಾರದು. ಏನೂ ಬರೆಯದಿದ್ದರೆ ಒಬ್ಬರೇ. ಮೂವರೆಂದರೆ ಮೂರು ಶುಲ್ಕ, ಮೂವರ ಬಿಡುವು ಹೊಂದಿಸಿ ದಿನಾಂಕ ಹಿಡಿಯುವ ಪಾಡು. ಇಪ್ಪತ್ತು ಲಕ್ಷದ ಗುತ್ತಿಗೆಗೆ ಮೂವರನ್ನು ಬರೆಸುವುದು ವ್ಯರ್ಥ ಖರ್ಚು. ‘ನಮ್ಮ ಕಂಪನಿಯ ಎಂ.ಡಿ. ನೇಮಿಸಿದವರೇ ಆರ್ಬಿಟ್ರೇಟರ್’ ಎಂಬ ಹಳೆಯ ಸಾಲು ಈಗಲೂ ಅನೇಕ ಕರಾರುಗಳಲ್ಲಿದೆ. ಫಲಿತಾಂಶದಲ್ಲಿ ಆಸಕ್ತಿಯಿರುವ ಅಧಿಕಾರಿ ಹಾಗೆ ಏಕಪಕ್ಷೀಯವಾಗಿ ನೇಮಿಸುವಂತಿಲ್ಲ ಎಂದು 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಂಥ ನೇಮಕದ ಮೇಲೆ ನಡೆದ ಕಲಾಪವೆಲ್ಲ ಕೊನೆಗೆ ಬಿದ್ದುಹೋಗಬಹುದು.

ಭಾಷೆಯ ಸಾಲನ್ನು ಹೆಚ್ಚಿನವರು ಯೋಚಿಸದೆ ಇಂಗ್ಲಿಷ್ ಎಂದು ತುಂಬುತ್ತಾರೆ. ಭಾಷೆಯನ್ನು ಆರಿಸುವ ಸ್ವಾತಂತ್ರ್ಯವನ್ನು 22ನೇ ಕಲಮು ಪಕ್ಷಗಾರರಿಗೆ ಕೊಟ್ಟಿದೆ, ಅವರು ಸುಮ್ಮನಿದ್ದರೆ ಆರ್ಬಿಟ್ರೇಟರ್ ನಿರ್ಧರಿಸುತ್ತಾರೆ. ಗುರುತಿಸಿದ ಭಾಷೆಯಲ್ಲಿಲ್ಲದ ದಾಖಲೆಗಳಿಗೆ ಅನುವಾದ ಕೇಳಬಹುದು. ಗದಗಿನ ಗೋದಾಮಿನವರಿಗೂ ಹುಬ್ಬಳ್ಳಿಯ ವರ್ತಕರಿಗೂ ಜಗಳವಾಯಿತೆನ್ನಿ. ಪಹಣಿ, ತೂಕದ ಚೀಟಿ, ಹಮಾಲರ ಹೇಳಿಕೆ, ವಾಟ್ಸ್ಆ್ಯಪ್ ಸಂದೇಶ ಎಲ್ಲವೂ ಕನ್ನಡದಲ್ಲಿರುವಾಗ ಭಾಷೆ ಇಂಗ್ಲಿಷ್ ಎಂದಿದ್ದರೆ ಪ್ರತಿ ಹಾಳೆಗೂ ಅನುವಾದದ ಖರ್ಚು, ಪ್ರತಿ ಅನುವಾದದ ಮೇಲೂ ತಕರಾರು. ಕನ್ನಡ ಎಂದು ಬರೆದರೆ ಸಾಕ್ಷಿ ತನ್ನ ಮಾತಿನಲ್ಲೇ ಹೇಳುತ್ತಾನೆ, ತೀರ್ಪನ್ನು ಸೋತವರೂ ಓದಿ ತಿಳಿಯಬಹುದು. ಒಂದು ಮಿತಿ ಇದೆ. ಆಗ ಕನ್ನಡ ಬಲ್ಲ ಆರ್ಬಿಟ್ರೇಟರೇ ಬೇಕು, ಪ್ರಕರಣ ಹೈಕೋರ್ಟಿಗೆ ಹೋದರೆ ಕಾಗದಗಳು ಇಂಗ್ಲಿಷಿಗೆ ಹೋಗಲೇಬೇಕು.

ಅವರ ಕರಾರಿಗೆ ಇಷ್ಟು ಸಾಕು: ‘ಈ ಕರಾರಿಗೂ ಈ ಆರ್ಬಿಟ್ರೇಷನ್ ಷರತ್ತಿಗೂ ಭಾರತದ ಕಾನೂನು ಅನ್ವಯ. ಕರಾರಿನಿಂದ ಹುಟ್ಟುವ ಎಲ್ಲ ವಿವಾದಗಳನ್ನೂ ಆರ್ಬಿಟ್ರೇಷನ್ ಮೂಲಕ ಅಂತಿಮವಾಗಿ ತೀರ್ಮಾನಿಸಬೇಕು. ಆರ್ಬಿಟ್ರೇಷನ್ನಿನ ಸೀಟ್ ಹುಬ್ಬಳ್ಳಿ. ಆರ್ಬಿಟ್ರೇಟರ್ ಒಬ್ಬರು, ಅವರನ್ನು ಇಬ್ಬರೂ ಒಪ್ಪಿ ಆರಿಸಬೇಕು. ಕಲಾಪದ ಭಾಷೆ ಕನ್ನಡ.’ ನೋಟಿಸ್ ತಲುಪಿ 30 ದಿನದಲ್ಲಿ ಇಬ್ಬರೂ ಒಂದು ಹೆಸರಿಗೆ ಒಪ್ಪದಿದ್ದರೆ 11ನೇ ಕಲಮಿನಡಿ ಹೈಕೋರ್ಟಿಗೆ ಅರ್ಜಿ ಹಾಕಬಹುದು.